ಇಂಬಳದ ರಕ್ತಕ್ಕೆ ಹಂಡೆಯ ಬಿಸಿನೀರು ಬೇಡ: ಕಲೆ ಯಾವ ಜಾತಿಯದ್ದು ಅಂತ ಮೊದಲು ನೋಡಿ

ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಕಳಸದಲ್ಲಿ ನೆಂಟರ ಮನೆ ಗೃಹಪ್ರವೇಶ ಮುಗಿಸಿ ಮೂಡಿಗೆರೆ ಕಡೆ ಬರುವಾಗ, ಐದು ನಿಮಿಷ ಅಂತ ತೋಟಕ್ಕೆ ಇಳಿದೆ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಮನೆ ತಲುಪುವಷ್ಟರಲ್ಲಿ ಹೊಸ ಬಿಳಿ ಶರ್ಟಿನ ಸೊಂಟದ ಹತ್ತಿರ ಅಂಗೈ ಅಗಲದ ರಕ್ತ. ಇಂಬಳ ಕಚ್ಚಿ ಬಿದ್ದುಹೋಗಿತ್ತು. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಅದಕ್ಕೇ ಚಿಕ್ಕ ಗಾಯವಾದರೂ ರಕ್ತ ಬೇಗ ನಿಲ್ಲಲ್ಲ. ಬಚ್ಚಲಲ್ಲಿ ಹಂಡೆ ಕುದೀತಾ ಇತ್ತು. ಎರಡು ಚೊಂಬು ಬಿಸಿನೀರು, ಒಂದು ಹಿಡಿ ಸೋಪಿನ ಪುಡಿ ಹಾಕಿ ಶರ್ಟ್ ಮುಳುಗಿಸಿದೆ. ಮರುದಿನ ನೋಡಿದರೆ ಕೆಂಪು ಹೋಗಿ ಕಂದು ನಕ್ಷೆ ಉಳಿದಿತ್ತು.

"ಎಂಥ ಮಾರಾಯ, ರಕ್ತಕ್ಕೆ ಬಿಸಿನೀರು ಹಾಕ್ತಾರಾ? ಮೊಟ್ಟೆ ಬೇಯಿಸಿದ ಹಾಗೆ ಬೇಯಿಸಿ ಇಟ್ಟಿದ್ದೀಯ" ಅಂದರು ಅತ್ತಿಗೆ. ಅವರು ಹೇಳಿದ್ದು ಬರೀ ಮಾತಲ್ಲ, ನಿಜವಾಗಿ ಆಗುವುದೂ ಅದೇ. ರಕ್ತ, ಹಾಲು, ಮೊಟ್ಟೆ, ಬೆವರು ಇವೆಲ್ಲ ಪ್ರೋಟೀನ್ ಕಲೆಗಳು. ಬಿಸಿ ತಾಗಿದರೆ ಪ್ರೋಟೀನ್ ಗಟ್ಟಿಯಾಗಿ ನೂಲಿನೊಳಗೇ ಕೂತುಬಿಡುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಲಿಲ್ಲ ಅಂತ ಬಟ್ಟೆಯನ್ನು ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕ್ತೇವೆ. ಅರ್ಧ ಹೋದ ಕಲೆ ಆ ಶಾಖಕ್ಕೆ ಪೂರ್ತಿ ಹಿಡಿದುಕೊಳ್ಳುತ್ತೆ. ಒದ್ದೆ ಇದ್ದಾಗ ಕಲೆ ಮಸುಕಾಗಿ ಕಾಣುವುದರಿಂದ ಮೋಸ ಹೋಗೋದು ಸುಲಭ. ಒಣಗಲು ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ನೆರಳಿನಷ್ಟು ಕಲೆ ಉಳಿದಿದ್ದರೂ ಒಲೆ ಹತ್ತಿರ ಒಯ್ಯಬೇಡಿ, ಇಸ್ತ್ರಿ ಮಾಡಬೇಡಿ.

ಇಂಬಳದ ರಕ್ತ ಹಸಿ ಇದ್ದಾಗ ಕೆಲಸ ಬಹಳ ಸುಲಭ. ಬಟ್ಟೆಯನ್ನು ಒಳಮೈ ಮೇಲಾಗುವ ಹಾಗೆ ತಿರುಗಿಸಿ, ಕಲೆಯ ಹಿಂಭಾಗಕ್ಕೆ ನಲ್ಲಿಯ ತಣ್ಣೀರು ಬಿಡಿ. ಆಗ ರಕ್ತ ಬಂದ ದಾರಿಯಲ್ಲೇ ಹೊರಗೆ ಹೋಗುತ್ತೆ. ಮುಂಭಾಗಕ್ಕೆ ನೀರು ಬಿಟ್ಟು ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತೆ. ಒಣಗಿಹೋಗಿದ್ದರೆ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ. ಆಮೇಲೆ ಎಂಜೈಮ್ ಇರುವ ಸೋಪಿನ ಪುಡಿಯನ್ನು ತಣ್ಣೀರಲ್ಲೇ ಕಲಸಿ ಹಚ್ಚಿ, ಒಂದು ಗಂಟೆ ಬಿಡಿ. ಎಂಜೈಮ್ ಪ್ರೋಟೀನನ್ನು ತುಂಡು ಮಾಡುತ್ತೆ, ಅದಕ್ಕೆ ಸಮಯ ಬೇಕು. ರೇಷ್ಮೆ ಪಂಚೆ, ಉಣ್ಣೆ ಸ್ವೆಟರಿಗೆ ಮಾತ್ರ ಈ ಪುಡಿ ಬೇಡ. ಅವೂ ಪ್ರೋಟೀನೇ, ಕಲೆಯ ಜೊತೆ ಬಟ್ಟೆಗೂ ಪೆಟ್ಟು.

ಗ್ರೀಸಿನ ವಿಚಾರ ಪೂರ್ತಿ ಉಲ್ಟಾ. ಬೈಕಿನ ಚೈನು, ಕಳೆ ಕೊಚ್ಚುವ ಮಿಷನ್ನಿನ ಆಯಿಲ್ ತಾಗಿದ ಜಾಗಕ್ಕೆ ಮೊದಲೇ ನೀರು ಹಾಕಬೇಡಿ. ಒಣ ಬಟ್ಟೆ ಮೇಲೆ ಅಕ್ಕಿಹಿಟ್ಟೋ ಮುಖದ ಪೌಡರೋ ಉದುರಿಸಿ, ಎಣ್ಣೆ ಹೀರಿಕೊಂಡ ಮೇಲೆ ಕೊಡವಿ. ನಂತರ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಬೆರಳಲ್ಲಿ ತಿಕ್ಕಿ ಕಾಲು ಗಂಟೆ ಬಿಡಿ. ಹಂಡೆಯ ನೀರಿಗೆ ಕೆಲಸ ಇರುವುದು ಇಲ್ಲಿ. ಬಟ್ಟೆ ತಡೆಯುವಷ್ಟು ಬಿಸಿ ಇದ್ದರೆ ಜಿಡ್ಡು ಕರಗಿ ಬರುತ್ತೆ. ಚೈನಿನ ಕಪ್ಪಿನಲ್ಲಿ ಕಬ್ಬಿಣದ ಪುಡಿಯೂ ಇರುವುದರಿಂದ ಎಣ್ಣೆ ಹೋದಮೇಲೂ ಬೂದು ಛಾಯೆ ಉಳಿಯಬಹುದು. ಅದು ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ.

ಮೂರನೇ ಜಾತಿ ನಮ್ಮ ಊರಿನದ್ದೇ: ಟ್ಯಾನಿನ್. ಅಡಿಕೆ ಚೊಗರು, ಬಾಳೆ ಸೊನೆ, ಕಾಫಿ, ಟೀ ಎಲ್ಲ ಇದರಲ್ಲಿ ಬರುತ್ತವೆ. ಬಾಳೆ ಸೊನೆ ತಾಗಿದಾಗ ಕಾಣುವುದೇ ಇಲ್ಲ, ಗಾಳಿಗೆ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಗೊತ್ತಾಗೋದು. ಕಬ್ಬಿಣ ಸೇರಿದರೆ ಕಪ್ಪೇ ಆಗುತ್ತೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದೆ ಶಾಯಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಹಾಗಾಗಿ ಚೊಗರು ಬಿದ್ದ ಬಟ್ಟೆಯನ್ನು ತುಕ್ಕು ಹಿಡಿದ ಬಕೆಟ್ಟಿಗೋ ಬೋರ್‌ವೆಲ್ಲಿನ ಕೆಂಪು ನೀರಿಗೋ ಹಾಕಿದರೆ ನೀವೇ ಶಾಯಿ ಕಾಸಿದ ಹಾಗೆ. ಬಾರ್ ಸೋಪಿನಿಂದ ಉಜ್ಜುವುದೂ ತಪ್ಪು, ಅದರ ಕ್ಷಾರಕ್ಕೆ ಕಲೆ ಇನ್ನಷ್ಟು ಗಾಢವಾಗುತ್ತೆ. ಮೊದಲು ಬರೀ ನೀರಲ್ಲಿ ಜಾಲಿಸಿ. ಆಮೇಲೆ ಹುಳಿ. ನಿಂಬೆಹಣ್ಣು ಆಗುತ್ತೆ, ತೋಟದ ಬದಿಯ ಹೇರಳೆಕಾಯಿ ರಸವೂ ಆಗುತ್ತೆ. ಹತ್ತು ನಿಮಿಷ ಬಿಟ್ಟು ತೊಳೆದು, ಕೊನೆಗೆ ಸೋಪಿನ ಪುಡಿ.

ನಾಲ್ಕನೆಯದು ಬಣ್ಣ: ಅರಿಶಿನ, ಹೊಸ ಕೆಂಪು ಟವೆಲ್ ಬಿಟ್ಟ ಬಣ್ಣ, ಪೆನ್ನಿನ ಇಂಕು. ಸಾರಿನ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದನ್ನು ನೋಡಿರ್ತೀರಿ. ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡ್ತೇವಲ್ಲ, ಸೋಪೂ ಅದನ್ನೇ ಮಾಡೋದು. ಹೆದರಬೇಡಿ, ತೊಳೆದರೆ ಮತ್ತೆ ಹಳದಿಗೆ ಬರುತ್ತೆ, ಆ ಹಳದಿ ಬಿಸಿಲಿಗೆ ಮಾಸುತ್ತೆ. ಟವೆಲ್ ಬಣ್ಣ ಹತ್ತಿದ ಬಟ್ಟೆಯನ್ನು ಒಣಗಲು ಬಿಡದೆ ಮತ್ತೆ ಮತ್ತೆ ತೊಳೆಯಬೇಕು. ಒಣಗಿದರೆ ಕಷ್ಟ. (ಬೋರ್ಡೋ ದ್ರಾವಣದ ನೀಲಿ ಈ ನಾಲ್ಕರಲ್ಲಿ ಯಾವುದೂ ಅಲ್ಲ, ಅದು ತಾಮ್ರ. ಹುಳಿಗೆ ಕರಗುತ್ತೆ. ಸಿಂಪಡಣೆ ಬಟ್ಟೆಯನ್ನು ಮಾತ್ರ ಮನೆ ಬಟ್ಟೆ ಜೊತೆ ಸೇರಿಸಬೇಡಿ.)

ಒಂದೇ ಶರ್ಟಿನ ಮೇಲೆ ಮೂರು ಜಾತಿ ಇದ್ದರೆ? ಅದೂ ಆಯ್ತು. ಅಡಿಕೆ ಬೇಯಿಸುವ ದಿನ ನನ್ನ ಆಕಾಶನೀಲಿ ಶರ್ಟಿನ ಎದೆ ಮೇಲೆ ಚೊಗರು ಸಿಡಿದಿತ್ತು, ತೋಳಿನ ತುದಿಗೆ ಚೈನಿನ ಗ್ರೀಸು, ಬೆನ್ನಿಗೆ ಇಂಬಳದ ರಕ್ತ. ಈ ಸಲ ಬಕೆಟ್ಟಿಗೆ ಹಾಕಲಿಲ್ಲ. ತೋಳನ್ನು ಒಣಗಿದ್ದಂತೆ ಇಟ್ಟು ಮೊದಲು ಅದಕ್ಕೆ ಲಿಕ್ವಿಡ್ ಹಚ್ಚಿದೆ. ಅದು ನೆನೆಯುವ ಹೊತ್ತಲ್ಲಿ ಬೆನ್ನಿನ ಭಾಗವನ್ನಷ್ಟೇ ಹಿಡಿದು ಹಿಂದಿನಿಂದ ತಣ್ಣೀರು ಬಿಟ್ಟೆ. ರಕ್ತ ಎರಡೇ ನಿಮಿಷದಲ್ಲಿ ಹೋಯ್ತು. ಅದು ಪೂರ್ತಿ ಹೋದಮೇಲೇ ತೋಳಿಗೆ ಬಿಸಿನೀರು.

ಚೊಗರಿಗೆ ಹೇರಳೆಕಾಯಿ ಹಿಂಡುವ ಮೊದಲು ಅತ್ತಿಗೆ ತಡೆದರು. "ಬಣ್ಣದ ಶರ್ಟು, ಮೊದಲು ಒಳಗೆ ನೋಡು." ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸುವ ತುದಿಯ ಒಳಹೊಲಿಗೆ ಮೇಲೆ ಎರಡು ಹನಿ ರಸ ಬಿಟ್ಟು, ಐದು ನಿಮಿಷ ಬಿಟ್ಟು, ಬಿಳಿ ಹತ್ತಿಬಟ್ಟೆಯಿಂದ ಒತ್ತಿದೆ. ಬಿಳಿ ಬಟ್ಟೆಗೆ ನೀಲಿ ಹತ್ತಲಿಲ್ಲ. ತೊಳೆದು ಒಣಗಿಸಿದ ಮೇಲೂ ಆ ಜಾಗ ಮಾಸಿರಲಿಲ್ಲ. ಆಮೇಲೇ ಎದೆಗೆ ಹಾಕಿದ್ದು. ಚೊಗರು ಮುಕ್ಕಾಲು ಹೋಯ್ತು. ಉಳಿದದ್ದಕ್ಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಬಾಟಲಿ ಮೇಲೆ 6% ಅಂತಿತ್ತು, ಅಷ್ಟೇ ನೀರು ಬೆರೆಸಿದೆ. ಅದನ್ನೂ ಒಳಹೊಲಿಗೆಯ ಇನ್ನೊಂದು ಜಾಗದಲ್ಲಿ ಪರೀಕ್ಷೆ ಮಾಡಿದೆ. ಅಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ನೀಲಿ ಬಂತು. ಅಲ್ಲಿಗೇ ಬಿಟ್ಟೆ. ತಿಳಿಕಂದು ಚುಕ್ಕೆ ಜೇಬಿನ ಹತ್ತಿರ ಈಗಲೂ ಇದೆ, ಆದರೆ ಅದರ ಸುತ್ತ ಬಿಳಿ ಮಚ್ಚೆ ಇಲ್ಲ.

ಬ್ಲೀಚಿಂಗ್ ಬಗ್ಗೆ ಒಂದು ಮಾತು ಜೋರಾಗಿ ಹೇಳಬೇಕು. ನಿಂಬೆರಸ, ವಿನೆಗರ್ ಹಾಕಿದ ಬಟ್ಟೆಗೆ ಅದನ್ನು ಸುರಿಯಬೇಡಿ. ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಪುಪ್ಪುಸಕ್ಕೇ ಅಪಾಯ.

ನನ್ನ ಬಿಳಿ ಶರ್ಟನ್ನು ಎಂಜೈಮ್ ಪುಡಿಯಲ್ಲಿ ಮೂರು ರಾತ್ರಿ ನೆನೆಸಿದೆ. ನಕ್ಷೆ ತೆಳುವಾಯ್ತು, ಹೋಗಲಿಲ್ಲ. ಈಗ ಅದನ್ನು ಕಾಫಿ ಕೊಯ್ಲಿಗೆ ಹಾಕ್ತೇನೆ.