ಹಂಚಿಕೊಂಡದ್ದು ಯಾವಾಗ, ಬರೆದದ್ದು ಯಾವಾಗ?

ಉತ್ತರಪ್ರದೇಶದ ರೈತನೊಬ್ಬ 1948ರಲ್ಲಿ ತೀರಿಕೊಂಡ. ಅವನಿಗೆ ಗಂಡುಮಕ್ಕಳಿರಲಿಲ್ಲ. ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳಿದ್ದರು. ಮದುವೆಯಾಗಿ ಹೋಗಿದ್ದ ಇನ್ನೊಬ್ಬ ಮಗಳಿಗೆ ಒಬ್ಬ ಮಗನಿದ್ದ. ಅಲ್ಲಿನ ಅಂದಿನ ಗೇಣಿ ಕಾನೂನಿನ ಪ್ರಕಾರ ಜಮೀನು ಮದುವೆಯಾಗದ ಹೆಣ್ಣುಮಕ್ಕಳ ಹೆಸರಿಗೆ ಬಂತು. ಮುಂದೆ ಅವರಿಗೂ ಮದುವೆಯಾಯಿತು, ಈ ನಡುವೆ ಜಮೀನ್ದಾರಿ ರದ್ದಾಗಿ ಹೊಸ ಕಾನೂನೂ ಬಂದಿತ್ತು. ಇನ್ನು ವಾರಸುದಾರ ತಾನೇ ಎಂದು ಮೊಮ್ಮಗ 1955ರ ಕೊನೆಗೆ ದಾಖಲೆಯಲ್ಲಿ ತನ್ನ ಹೆಸರು ಸೇರಿಸಿಕೊಂಡ. ಚಿಕ್ಕಮ್ಮಂದಿರು ತಕರಾರು ಹಾಕಿದರು.

ಆ ತಕರಾರು ನಡೆಯುತ್ತಿರುವಾಗಲೇ ಮನೆಯವರು ಕೂತು ಮಾತಾಡಿಕೊಂಡರು. ಕೆಲವು ಖಾತೆ ಮೊಮ್ಮಗನಿಗೆ, ಉಳಿದವು ಚಿಕ್ಕಮ್ಮಂದಿರಿಗೆ ಎಂದಾಯಿತು. ಹೀಗೆ ರಾಜಿಯಾಗಿದ್ದೇವೆ ಎಂದು 1956ರ ಆಗಸ್ಟ್‌ನಲ್ಲಿ ಕಂದಾಯ ಅಧಿಕಾರಿಗೆ ಅರ್ಜಿ ಕೊಟ್ಟರು. ಖಾತೆಗಳು ಅದರಂತೆಯೇ ಬದಲಾದವು, ವರ್ಷಗಟ್ಟಲೆ ಯಾರೂ ಚಕಾರವೆತ್ತಲಿಲ್ಲ. 1964ರಲ್ಲಿ ಜಮೀನು ಕ್ರೋಡೀಕರಣದ ಅಧಿಕಾರಿಗಳು ಬಂದಾಗ ಹಳೆಯ ಜಗಳ ಮತ್ತೆ ಎದ್ದಿತು. ರಾಜಿಪತ್ರ ನೋಂದಣಿಯಾಗಿಲ್ಲ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ ಎಂದು ಕ್ರೋಡೀಕರಣದ ಉಪನಿರ್ದೇಶಕರು ತೀರ್ಪು ಕೊಟ್ಟರು. ಅಲಹಾಬಾದ್ ಹೈಕೋರ್ಟಿನಲ್ಲೂ ಮೊಮ್ಮಗ ಸೋತ.

ಸುಪ್ರೀಂ ಕೋರ್ಟು 1976ರ ಜನವರಿ 21ರಂದು ಇದೆಲ್ಲವನ್ನೂ ತಳ್ಳಿಹಾಕಿತು. ‘ಕಾಲೆ’ ಪ್ರಕರಣ ಎಂದೇ ವಕೀಲರು ಕರೆಯುವ ಈ ತೀರ್ಪು, ಕುಟುಂಬದ ಒಪ್ಪಂದದ ಮಾತು ಬಂದಲ್ಲೆಲ್ಲ ಇವತ್ತಿಗೂ ಮೊದಲು ಉಲ್ಲೇಖವಾಗುತ್ತದೆ. ನ್ಯಾಯಮೂರ್ತಿ ಫಜಲ್ ಅಲಿ ಅವರು ಬರೆದ ತೀರ್ಪಿನ ತಿರುಳು ಇಷ್ಟು: ಮನೆಯವರ ರಾಜಿ ಬಾಯಿಮಾತಿನಲ್ಲೇ ನಡೆಯಬಹುದು, ಅದಕ್ಕೆ ನೋಂದಣಿ ಬೇಕಿಲ್ಲ. ಆಗಿಹೋದ ರಾಜಿಯನ್ನು ನೆನಪಿಗಾಗಿ ಅಥವಾ ಅಧಿಕಾರಿಗೆ ತಿಳಿಸುವುದಕ್ಕಾಗಿ ಬರೆದಿಟ್ಟರೆ ಆ ಕಾಗದಕ್ಕೂ ಬೇಕಿಲ್ಲ. ರಾಜಿಯ ಷರತ್ತುಗಳೇ ಕಾಗದದಲ್ಲಿ ಹುಟ್ಟಿಕೊಂಡರೆ, ಅಂದರೆ ಆ ಪತ್ರವೇ ಒಬ್ಬರಿಗೆ ಹಕ್ಕು ಕೊಟ್ಟು ಇನ್ನೊಬ್ಬರ ಹಕ್ಕು ಕಿತ್ತುಕೊಂಡರೆ, ಆಗ ನೋಂದಣಿ ಕಡ್ಡಾಯ. 1956ರ ಅರ್ಜಿ ಮೊದಲೇ ಆಗಿದ್ದ ರಾಜಿಯ ವರದಿ ಮಾತ್ರ ಎಂದು ಕೋರ್ಟು ಕಂಡಿತು. ಇನ್ನೊಂದು ಮಾತನ್ನೂ ಸೇರಿಸಿತು: ನೋಂದಣಿ ಬೇಕಿತ್ತು ಎಂದೇ ಇಟ್ಟುಕೊಂಡರೂ, ರಾಜಿಯ ಫಲ ಉಂಡವರು ಆಮೇಲೆ ಅದು ಸಿಂಧುವಲ್ಲ ಎಂದು ತಿರುಗಿಬೀಳುವಂತಿಲ್ಲ.

ಇದರ ಹಿಂದಿನ ತರ್ಕ ಸರಳ. ಕ್ರಯದಲ್ಲಿ ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಕುಟುಂಬದ ರಾಜಿಯಲ್ಲಿ ಹಾಗಲ್ಲ. ಪ್ರತಿಯೊಬ್ಬರಿಗೂ ಆಸ್ತಿಯಲ್ಲಿ ಮೊದಲೇ ಏನೋ ಒಂದು ಹಕ್ಕು ಇತ್ತು, ಅದನ್ನು ಉಳಿದವರು ಒಪ್ಪಿಕೊಂಡರು ಎಂದು ಕಾನೂನು ಭಾವಿಸುತ್ತದೆ. ಆ ಹಕ್ಕು ಗಟ್ಟಿಯಾಗಿಯೇ ಇರಬೇಕೆಂದಿಲ್ಲ, ತಕ್ಕಮಟ್ಟಿಗೆ ವಾದಿಸಬಹುದಾದ ಹಕ್ಕುದಾರಿಕೆ ಇದ್ದರೂ ಸಾಕು. ಆದರೆ ರಾಜಿ ಪ್ರಾಮಾಣಿಕವಾಗಿರಬೇಕು. ಮೋಸ, ಬೆದರಿಕೆ ಅಥವಾ ಒತ್ತಾಯದಿಂದ ಹಾಕಿಸಿದ ಸಹಿ ನಿಲ್ಲುವುದಿಲ್ಲ.

ಇದನ್ನು ನಮ್ಮ ಊರಿನ ಒಂದು ಕಲ್ಪಿತ ಮನೆಗೆ ಹೊಂದಿಸಿ ನೋಡಬಹುದು. ಉಯಿಲು ಬರೆಯದೆ ತಂದೆ ತೀರಿಕೊಂಡಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಆಸ್ತಿಯೆಂದರೆ ತಂದೆ ಸ್ವಂತ ದುಡಿಮೆಯಿಂದ ಮಾಡಿದ ಮೈಸೂರಿನ ಮನೆ ಮತ್ತು ಹಳ್ಳಿಯಲ್ಲಿ ಎರಡು ಎಕರೆ. ಹಿಂದೂ ವಾರಸಾ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು. ಯುಗಾದಿಯ ದಿನ ಹಿರಿಯ ಸೋದರಮಾವನನ್ನು ಕೂರಿಸಿಕೊಂಡು ತೀರ್ಮಾನವಾಗುತ್ತದೆ: ಮನೆ ತಾಯಿಗೂ ಮಗಳಿಗೂ, ಜಮೀನು ಗಂಡುಮಕ್ಕಳಿಗೆ. ಮರುತಿಂಗಳಿನಿಂದ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಉಳುತ್ತಾರೆ, ಮನೆಯ ಕಂದಾಯವನ್ನು ಮಗಳು ಕಟ್ಟುತ್ತಾಳೆ. ದೀಪಾವಳಿಗೆ ಎಲ್ಲರೂ ಸೇರಿದಾಗ ಕಾಗದವಾಗುತ್ತದೆ: ‘ಕಳೆದ ಯುಗಾದಿಯಂದು ಬಾಯಿಮಾತಿನಲ್ಲಿ ಹೀಗೆ ಹಂಚಿಕೊಂಡೆವು, ಅಂದಿನಿಂದ ಅದರಂತೆ ಅನುಭವಿಸುತ್ತಿದ್ದೇವೆ, ಅದರ ಜ್ಞಾಪಕಾರ್ಥ ಬರೆದಿದ್ದೇವೆ.’ ಇದಕ್ಕೆ ನೋಂದಣಿ ಬೇಕಿಲ್ಲ.

ಅದೇ ಮನೆಯವರು ಯುಗಾದಿಯಂದೇ ಛಾಪಾ ಕಾಗದ ತಂದು, ‘ಈ ಪತ್ರದ ಮೂಲಕ ಎ ಷೆಡ್ಯೂಲ್ ಸ್ವತ್ತು ತಾಯಿಗೂ ಮಗಳಿಗೂ ಸೇರತಕ್ಕದ್ದು, ಇದರ ಮೇಲೆ ಗಂಡುಮಕ್ಕಳಿಗೆ ಇನ್ನು ಮುಂದೆ ಹಕ್ಕಿರುವುದಿಲ್ಲ’ ಎಂದು ಬರೆದರೆ ಕಥೆ ಬೇರೆ. ಹಕ್ಕು ಹುಟ್ಟುವುದೂ ಅಳಿಯುವುದೂ ಆ ಕಾಗದದಲ್ಲೇ. 1908ರ ನೋಂದಣಿ ಕಾಯ್ದೆಯ 17ನೇ ಕಲಮು, 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮೇಲೆ ಹೀಗೆ ಪರಿಣಾಮ ಬೀರುವ ಪತ್ರವನ್ನು ನೋಂದಾಯಿಸಲೇಬೇಕು ಎನ್ನುತ್ತದೆ. ಇವತ್ತು 100 ರೂಪಾಯಿಗೆ ಒಂದಡಿ ನೆಲವೂ ಬರುವುದಿಲ್ಲ, ಹಾಗಾಗಿ ಎಲ್ಲ ಪಾಲುಪತ್ರವೂ ಇದರೊಳಗೆ ಬಿತ್ತು. ನೋಂದಣಿಯಾಗದ ಪತ್ರವನ್ನು 49ನೇ ಕಲಮಿನ ಪ್ರಕಾರ ಪಾಲಿಗೆ ಸಾಕ್ಷ್ಯವಾಗಿ ತೋರಿಸುವಂತಿಲ್ಲ. ಯಾರು ಯಾವ ಭಾಗದಲ್ಲಿ ಸ್ವಾಧೀನದಲ್ಲಿದ್ದರು ಎಂಬಂಥ ಪಕ್ಕದ ಸಂಗತಿಗೆ ಮಾತ್ರ ನೋಡಬಹುದು. ಅದೂ ಮುದ್ರಾಂಕ ಶುಲ್ಕ ಸರಿಯಾಗಿದ್ದರೆ. ಕರ್ನಾಟಕದ ಮುದ್ರಾಂಕ ಕಾಯ್ದೆಯ 34ನೇ ಕಲಮಿನಲ್ಲಿ, ಕಡಿಮೆ ಶುಲ್ಕದ ಪತ್ರವನ್ನು ಕೋರ್ಟಿಗೆ ಸಾಕ್ಷ್ಯವಾಗಿ ತಂದರೆ ಕೊರತೆಯ ಹತ್ತು ಪಟ್ಟು ದಂಡವಿದೆ.

ಜಾಣರು ಇಲ್ಲೊಂದು ದಾರಿ ಹುಡುಕುತ್ತಾರೆ. ಇವತ್ತೇ ಹಂಚಿಕೊಂಡು, ‘ಹಿಂದೆಯೇ ಹಂಚಿಕೊಂಡಿದ್ದೆವು’ ಎಂದು ಬರೆಯುವುದು. ಕೋರ್ಟು ತಲೆಬರಹಕ್ಕೆ ಮರುಳಾಗುವುದಿಲ್ಲ. ಆಂಧ್ರದ ಯೆಲ್ಲಪು ಪ್ರಕರಣದಲ್ಲಿ (2015) ಪತ್ರಗಳಿಗೆ ಏನೇ ಹೆಸರಿದ್ದರೂ ಒಳಗಿನ ಒಕ್ಕಣೆ ನೋಡಬೇಕು ಎಂದ ಸುಪ್ರೀಂ ಕೋರ್ಟು, ಅವು ನೋಂದಣಿ ಬೇಕಾದವೇ ಎಂದು ಹೇಳಿತು. ಹಳೆಯ ಹಂಚಿಕೆ ನಿಜವಾದರೆ ಅದರ ಗುರುತುಗಳಿರುತ್ತವೆ: ಬೇರೆಯಾದ ಪಹಣಿ, ಬೇರೆಯಾಗಿ ಕಟ್ಟಿದ ಕಂದಾಯ, ಕರೆಂಟ್ ಬಿಲ್ಲು, ಒಬ್ಬರೇ ಪಡೆದ ಸಾಲ. ಇವೊಂದೂ ಇಲ್ಲದ ಜ್ಞಾಪನ ಪತ್ರವನ್ನು ಎದುರು ವಕೀಲರು ಪಾಟೀಸವಾಲಿನಲ್ಲಿ ಸುಲಭವಾಗಿ ಬಿಡಿಸುತ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಕೆಡುವುದು ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ. ತಂಗಿಗೆ ಒಂದಿಷ್ಟು ದುಡ್ಡು ಕೊಟ್ಟು, ‘ನನಗೆ ಪಾಲು ಬೇಡ’ ಎಂದು ಛಾಪಾ ಕಾಗದದಲ್ಲಿ ಸಹಿ ಮಾಡಿಸಿ, ನೋಟರಿ ಮುದ್ರೆ ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಂಡ ಅಣ್ಣತಮ್ಮಂದಿರು ಬಹಳ. ಅದು ಹಕ್ಕು ಬಿಡುಗಡೆ ಪತ್ರ, ನೋಂದಣಿಯಾಗಲೇಬೇಕು. ನೋಟರಿ ಮುದ್ರೆ ನೋಂದಣಿಗೆ ಬದಲಿಯಲ್ಲ. ಇನ್ನು ಪಿತ್ರಾರ್ಜಿತ ಆಸ್ತಿಯನ್ನು ಗಂಡಸರಷ್ಟೇ ಕೂತು ಮಾಡಿಕೊಂಡ ಹಳೆಯ ಪಂಚಾಯ್ತಿ ಪಾರಿಕತ್ತು ಇನ್ನೂ ಬಲಹೀನ. 2005ರ ತಿದ್ದುಪಡಿ 2004ರ ಡಿಸೆಂಬರ್ 20ಕ್ಕಿಂತ ಮೊದಲಿನ ವಿಭಾಗಗಳನ್ನು ಕಾಪಾಡುತ್ತದೆ ನಿಜ, ಆದರೆ ಆ ವಿಭಾಗ ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಗಿರಬೇಕು. ಬರೀ ಬಾಯಿಸಾಕ್ಷ್ಯದ ಮೇಲೆ ಮೌಖಿಕ ವಿಭಾಗ ಒಪ್ಪಲಾಗದು, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು ಎಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ.

ಒಬ್ಬ ಪಾಲುದಾರನನ್ನು ಬಿಟ್ಟು ಮಾಡಿದ ರಾಜಿ ಅವನನ್ನು ಕಟ್ಟಿಹಾಕುವುದಿಲ್ಲ. ಪಾಲುದಾರರಲ್ಲಿ ಮೈನರ್ ಮಗುವಿದ್ದು ಅದಕ್ಕೆ ಅನ್ಯಾಯವಾಗಿದ್ದರೆ ವಿಭಾಗವನ್ನು ಮತ್ತೆ ಕೆದಕಲು ಅವಕಾಶವಿದೆ. ಆದ್ದರಿಂದ ವಂಶವೃಕ್ಷದಲ್ಲಿರುವ ಒಂದು ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಈಗಾಗಲೇ ದಾವೆ ಬಿದ್ದಿದ್ದರೆ ಅಲ್ಲೇ ರಾಜಿ ಅರ್ಜಿ ಹಾಕಿ ಡಿಕ್ರಿ ಪಡೆಯಬಹುದು. ದಾವೆಯಲ್ಲಿರುವ ಸ್ವತ್ತಿನ ಮಟ್ಟಿಗೆ ಆ ಡಿಕ್ರಿಗೆ ಬೇರೆ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ.

ನೋಂದಣಿಯಿಲ್ಲದ ಜ್ಞಾಪನ ಪತ್ರ ಕಾನೂನಿನಲ್ಲಿ ಸಿಂಧುವಾದರೂ, ಅದನ್ನು ಹಿಡಿದು ಬ್ಯಾಂಕಿಗೆ ಸಾಲಕ್ಕೆ ಹೋದರೆ ಅಥವಾ ಮನೆ ಮಾರಲು ಹೊರಟರೆ ಎದುರಿನವರು ಕೇಳುವುದು ನೋಂದಾಯಿತ ಪತ್ರವನ್ನೇ. ಮಾರುವ, ಅಡವಿಡುವ ಯೋಚನೆ ಇರುವವರು ನೇರವಾಗಿ ವಿಭಾಗಪತ್ರ ಮಾಡಿಸುವುದೇ ಸರಿ. ಜಮೀನನ್ನು ತುಂಡು ಮಾಡುವುದಾದರೆ ಮೊದಲು 11ಇ ನಕ್ಷೆ ಮಾಡಿಸಿ. ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಯ ಮುಂದೆ ಪತ್ರ ಹಾಜರುಪಡಿಸಬೇಕು. ತಡವಾದದ್ದಕ್ಕೆ ಅನಿವಾರ್ಯ ಕಾರಣವಿದ್ದರೆ ದಂಡ ಕಟ್ಟಿ ಇನ್ನು ನಾಲ್ಕು ತಿಂಗಳು ಸಿಗುತ್ತದೆ, ಅದರಾಚೆಗೆ ಎಲ್ಲರೂ ಸೇರಿ ಹೊಸ ಪತ್ರವನ್ನೇ ಬರೆಯಬೇಕಾಗುತ್ತದೆ.