ತೂಕ ಅಷ್ಟೇ ಇದೆ, ಬಲವೇಕೆ ಕುಗ್ಗಿತು?

ಅರವತ್ತೆಂಟು ವರ್ಷದ ಒಬ್ಬ ತಾಯಿಯವರನ್ನು ಕಲ್ಪಿಸಿಕೊಳ್ಳೋಣ. ಹತ್ತು ವರ್ಷಗಳಿಂದ ಅವರ ತೂಕ 66 ಕಿಲೋ. ಅದು ಏರಲಿಲ್ಲ, ಇಳಿಯಲಿಲ್ಲವೆಂದು ಮನೆಯವರಿಗೆ ಸಮಾಧಾನ. ಆದರೆ ಈಚೆಗೆ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ ಮೇಲೇಳಬೇಕಾದರೆ ಯಾರಾದರೂ ಕೈ ನೀಡಬೇಕು. ಮೊಣಕಾಲಿನಲ್ಲಿ ನೋವಿಲ್ಲ, ತೊಡೆಯಲ್ಲಿ ಕಸುವಿಲ್ಲ.

ಈ ಅವಧಿಯಲ್ಲಿ ಅವರ ದೇಹದಲ್ಲಿ 4 ಕಿಲೋ ಸ್ನಾಯು ಕರಗಿ, 4 ಕಿಲೋ ಕೊಬ್ಬು ಸೇರಿದೆ ಎಂದಿಟ್ಟುಕೊಳ್ಳಿ. ತೂಕದ ಯಂತ್ರ ಒಟ್ಟು ಮೊತ್ತವನ್ನು ಮಾತ್ರ ತೋರಿಸುತ್ತದೆ. ಯಾವುದು ಹೋಯಿತು, ಯಾವುದು ಬಂದಿತು ಎಂಬುದನ್ನು ತಿಳಿಸದು. ವಯಸ್ಸಿನೊಡನೆ ಸ್ನಾಯು ಕ್ಷಯಿಸುವ ಸ್ಥಿತಿಗೆ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯವಿಜ್ಞಾನಿ 1989ರಲ್ಲಿ ‘ಸಾರ್ಕೋಪೀನಿಯ’ ಎಂಬ ಹೆಸರನ್ನು ಸೂಚಿಸಿದರು. ಅದರೊಡನೆ ಬೊಜ್ಜೂ ಕೂಡಿದರೆ ‘ಸಾರ್ಕೋಪೀನಿಕ್ ಬೊಜ್ಜು’ ಎನ್ನುತ್ತಾರೆ. ಮೈ ತುಂಬಿಕೊಂಡಂತೆ ಕಾಣುವುದರಿಂದ ಒಳಗಿನ ಕ್ಷಯ ಮರೆಯಾಗುತ್ತದೆ.

ಇವೆರಡೂ ಒಂದನ್ನೊಂದು ಬೆಳೆಸುತ್ತವೆ. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಬಳಸಿಕೊಳ್ಳುವುದು ಸ್ನಾಯು. ಅದು ಕುಗ್ಗಿದಂತೆ ಓಡಾಟ ಕಡಿಮೆಯಾಗಿ ಕೊಬ್ಬು ಹೆಚ್ಚುತ್ತದೆ. ಹೆಚ್ಚಿದ ಕೊಬ್ಬು ಸ್ನಾಯುವಿನ ಎಳೆಗಳ ನಡುವೆಯೂ ಸೇರಿ ಅದರ ಶಕ್ತಿಯನ್ನು ಮತ್ತಷ್ಟು ತಗ್ಗಿಸುತ್ತದೆ. ಬೀಳುವ ಅಪಾಯವೂ ಮಧುಮೇಹದ ಅಪಾಯವೂ ಜೊತೆಯಾಗಿ ಬರುತ್ತವೆ.

ಇದನ್ನು ಮನೆಯಲ್ಲಿಯೇ ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇರಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸ್ನಾಯುಕ್ಷಯವನ್ನು ಶಂಕಿಸಬೇಕು. ಸೊಂಟದ ಸುತ್ತಳತೆ ಸ್ತ್ರೀಯರಲ್ಲಿ 80, ಪುರುಷರಲ್ಲಿ 90 ಸೆಂಟಿಮೀಟರ್ ಮೀರಿದ್ದರೆ ಅದನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮೀನಖಂಡದ ದಪ್ಪವನ್ನು ಮಾತ್ರ ನಂಬಬೇಡಿ. ಚರ್ಮದಡಿಯ ಕೊಬ್ಬು ಅಲ್ಲಿಯೂ ಮೋಸಗೊಳಿಸುತ್ತದೆ. ಮಂಡಿಸವೆತ, ನರದೌರ್ಬಲ್ಯಗಳಿಂದಲೂ ಏಳುವುದು ನಿಧಾನವಾಗಬಹುದಾದ್ದರಿಂದ ನಿರ್ಣಯ ವೈದ್ಯರದೇ.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಒಂದಿದೆ. ಆ ತಾಯಿಯವರು ಬೊಜ್ಜಿಗೆ ಹೆದರಿ ರಾತ್ರಿಯ ಊಟವನ್ನೇ ಬಿಟ್ಟರೆನ್ನಿ. ಮೂರು ತಿಂಗಳಲ್ಲಿ 5 ಕಿಲೋ ಇಳಿಯಬಹುದು, ಎಲ್ಲರೂ ಮೆಚ್ಚಬಹುದು. ಆದರೆ ಬರಿಯ ಉಪವಾಸದಿಂದ ಇಳಿದ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಸೇರಿರುತ್ತದೆ. ತೂಕ ಸುಧಾರಿಸಿತು, ಏಳುವುದು ಮಾತ್ರ ಇನ್ನೂ ಕಷ್ಟವಾಯಿತು.

ಆದ್ದರಿಂದ ಎಣ್ಣೆ, ಸಕ್ಕರೆ, ಅನ್ನಗಳನ್ನು ಮಿತಗೊಳಿಸಿದರೂ ಪ್ರೋಟೀನನ್ನು ಕಡಿಮೆ ಮಾಡಬಾರದು. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಅಗತ್ಯ. ತಿಳಿಸಾರಿನ ಬದಲು ಗಟ್ಟಿ ಬೇಳೆ, ಮೊಳಕೆಕಾಳಿನ ಪಲ್ಯ, ಹಾಲು, ಮೊಸರು ಪ್ರತಿ ಊಟದಲ್ಲೂ ಹಂಚಿಕೆಯಾಗಿರಲಿ. ಮೂತ್ರಪಿಂಡದ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಬೇಕು.

ಬರಿಯ ನಡಿಗೆ ಸಾಲದು. ಸ್ನಾಯುವಿಗೆ ಭಾರ ಬೀಳಬೇಕು. ಕುರ್ಚಿಯಿಂದ ಏಳುವ ಆ ಪರೀಕ್ಷೆಯೇ ವ್ಯಾಯಾಮವೂ ಆಗಬಲ್ಲದು. ವಾರಕ್ಕೆ ಮೂರು ದಿನ, ಎಂಟು–ಹತ್ತು ಬಾರಿ, ನಡುವೆ ವಿಶ್ರಾಂತಿ ಪಡೆದು ಎರಡು ಸುತ್ತು ಮಾಡಲಿ. ಸುಲಭವಾದ ಮೇಲೆ ಕೈಯಲ್ಲಿ ನೀರಿನ ಬಾಟಲಿ ಹಿಡಿಯಲಿ. ತಿಂಗಳಿಗೊಮ್ಮೆ ತೂಕದ ಪಕ್ಕದಲ್ಲಿ ಆ ಸೆಕೆಂಡುಗಳನ್ನೂ ಬರೆದಿಡಿ. ತೂಕ ಅಷ್ಟೇ ಇದ್ದು 15 ಸೆಕೆಂಡು 11ಕ್ಕೆ ಇಳಿದರೆ, ಕಾಲಿಗೆ ಬಲ ಮರಳುತ್ತಿದೆಯೆಂದು ತಿಳಿಯಬಹುದು.