ಅರವತ್ತು ರೂಪಾಯಿಯ ಹಿಂದೆ ಅಡಗಿದ ನಾಲ್ಕು ತಪ್ಪುಗಳು

ದಾವಣಗೆರೆಯ ಒಂದು ದಿನಸಿ ಅಂಗಡಿ ಎಂದಿಟ್ಟುಕೊಳ್ಳೋಣ. 2025ರ ಅಕ್ಟೋಬರ್ 14, ಮಂಗಳವಾರ. ದೀಪಾವಳಿ ಹತ್ತಿರವಾದ್ದರಿಂದ ವ್ಯಾಪಾರ ಜೋರು. ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಇಳಿಸಿ ಮಾಲೀಕರು ಲೆಕ್ಕಕ್ಕೆ ಕೂತಿದ್ದಾರೆ. ಮಾರಾಟ ಪುಸ್ತಕದಲ್ಲಿ ಒಟ್ಟು 61,840 ರೂಪಾಯಿ. ಅದರಲ್ಲಿ ನಗದು 21,390, ಯುಪಿಐ 31,250, ಕಾರ್ಡ್ 9,200. ಮೊಬೈಲಿನ ವ್ಯಾಪಾರಿ ಆ್ಯಪ್ ತೆರೆದರೆ ಯುಪಿಐ ಜಮೆ 31,190 ಎಂದು ತೋರಿಸುತ್ತಿದೆ. ಅರವತ್ತು ರೂಪಾಯಿ ಕಡಿಮೆ. ಬಿಲ್ಲುಗಳ ಸಂಖ್ಯೆ ಎಣಿಸಿದರೆ ಪುಸ್ತಕದಲ್ಲೂ 94, ಆ್ಯಪಿನಲ್ಲೂ 94.

ಎಷ್ಟೋ ಅಂಗಡಿಗಳಲ್ಲಿ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಚಿಲ್ಲರೆಯಲ್ಲಿ ಎಲ್ಲೋ ಹೋಗಿರಬೇಕು ಎಂದುಕೊಂಡು ಅರವತ್ತು ರೂಪಾಯಿಯನ್ನು ಖರ್ಚಿಗೆ ಬರೆದು ಬೀಗ ಹಾಕುತ್ತಾರೆ. ಆದರೆ ಈ ಅಂಗಡಿಯ ಮಾಲೀಕರು ಒಂದೊಂದೇ ಬಿಲ್ಲನ್ನು ಆ್ಯಪಿನ ಸಾಲಿನ ಜೊತೆ ಇಟ್ಟು ತಾಳೆ ನೋಡಿದರು. ಸಿಕ್ಕಿದ್ದು ಅರವತ್ತು ರೂಪಾಯಿಯ ಒಂದು ತಪ್ಪಲ್ಲ, ಒಟ್ಟು 4,140 ರೂಪಾಯಿಯ ನಾಲ್ಕು ತಪ್ಪುಗಳು.

ಪುಸ್ತಕದಲ್ಲಿದ್ದು ಆ್ಯಪಿನಲ್ಲಿ ಇಲ್ಲದವು ಎರಡು: 1,480 ರೂಪಾಯಿಯ ಒಂದು ಬಿಲ್ಲು, 620ರ ಇನ್ನೊಂದು. ಆ್ಯಪಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದವೂ ಎರಡು: 1,200ರ ಒಂದು ಜಮೆ, 840ರ ಇನ್ನೊಂದು. 31,250ರಲ್ಲಿ ಮೊದಲಿನ ಎರಡನ್ನು ಕಳೆದು ನಂತರದ ಎರಡನ್ನು ಕೂಡಿಸಿದರೆ ಸರಿಯಾಗಿ 31,190 ಬರುತ್ತದೆ. ಹೋದದ್ದು ಎರಡು, ಬಂದದ್ದು ಎರಡು. ಹಾಗಾಗಿ ಸಂಖ್ಯೆಯೂ ಸರಿಹೋಯಿತು. ಒಂದು ತಪ್ಪು ಇನ್ನೊಂದನ್ನು ಮುಚ್ಚಿಟ್ಟಿತ್ತು. ಒಟ್ಟು ಮೊತ್ತವನ್ನಷ್ಟೇ ಹೋಲಿಸಿದರೆ ಏನೂ ತಿಳಿಯದು, ಸಾಲಿಗೆ ಸಾಲು ತಾಳೆ ಹಾಕಲೇಬೇಕು ಎನ್ನುವುದು ಇದಕ್ಕೇ.

ಸಾಲಿಗೆ ಸಾಲು ಎಂದರೆ ಯಾವುದಕ್ಕೆ ಯಾವುದು? ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಆ್ಯಪುಗಳು ಅದನ್ನು ಯುಟಿಆರ್ ಎಂದೋ ಯುಪಿಐ ರೆಫರೆನ್ಸ್ ಸಂಖ್ಯೆ ಎಂದೋ ತೋರಿಸುತ್ತವೆ. ಗಿರಾಕಿಯ ಮೊಬೈಲಿನಲ್ಲೂ ಅಂಗಡಿಯ ಆ್ಯಪಿನಲ್ಲೂ ಕಾಣುವುದು ಇದೇ ಸಂಖ್ಯೆ. ಕೆಲವು ಆ್ಯಪುಗಳು ಇದರ ಜೊತೆಗೆ ಅಕ್ಷರ ಬೆರೆತ ತಮ್ಮದೇ ಉದ್ದನೆಯ ಸಂಖ್ಯೆಯನ್ನೂ ಕೊಡುತ್ತವೆ. ಅದು ಆ ಆ್ಯಪಿನ ಒಳಗೆ ಮಾತ್ರ ನಡೆಯುವಂಥದ್ದು, ಬ್ಯಾಂಕಿಗೆ ದೂರು ಕೊಡುವಾಗ ಬೇಕಾಗುವುದು 12 ಅಂಕಿಯದು.

ಹತ್ತು ರೂಪಾಯಿಯ ಬೆಂಕಿಪೊಟ್ಟಣಕ್ಕೆಲ್ಲ ಸಂಖ್ಯೆ ಬರೆಯುತ್ತ ಕೂರಲು ಆಗದು. ಐನೂರು ರೂಪಾಯಿ ದಾಟಿದ ಬಿಲ್ಲಿಗೆ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ಕೆಲಸ ನಡೆಯುತ್ತದೆ. ಸಣ್ಣ ಬಿಲ್ಲುಗಳನ್ನು ಸಮಯ ಮತ್ತು ಮೊತ್ತದ ಮೇಲೆ ಹೊಂದಿಸಬಹುದು. ಕಂಪ್ಯೂಟರ್ ಇದ್ದವರು ಎಕ್ಸೆಲ್ ಹಾಳೆಯ ಎ ಕಾಲಮ್ಮಿನಲ್ಲಿ ಬಿಲ್ಲಿನ ನಾಲ್ಕು ಅಂಕಿ, ಬಿ ಕಾಲಮ್ಮಿನಲ್ಲಿ ಮೊತ್ತ, ಡಿ ಮತ್ತು ಇ ಕಾಲಮ್ಮುಗಳಲ್ಲಿ ಆ್ಯಪ್ ವರದಿಯ ನಾಲ್ಕು ಅಂಕಿ ಮತ್ತು ಮೊತ್ತ ಇಟ್ಟುಕೊಂಡು ಈ ಸೂತ್ರ ಹಾಕಬಹುದು:

```
=COUNTIFS(D:D,A2,E:E,B2)
```

ಉತ್ತರ 1 ಬಂದರೆ ಆ ಬಿಲ್ಲು ಸರಿ. 0 ಬಂದರೆ ಆ ಬಿಲ್ಲಿನ ಹಣ ವರದಿಯಲ್ಲಿ ಇಲ್ಲ. ಇದನ್ನೇ ತಿರುಗಿಸಿ ಆ್ಯಪಿನ ಪ್ರತಿ ಸಾಲಿಗೂ ಬಿಲ್ಲು ಇದೆಯೇ ಎಂದು ಹುಡುಕಬೇಕು. ಒಂದೇ ದಿಕ್ಕಿನಿಂದ ನೋಡಿದರೆ ನಾಲ್ಕು ತಪ್ಪುಗಳಲ್ಲಿ ಎರಡು ಮಾತ್ರ ಸಿಗುತ್ತವೆ.

ಮೊದಲನೆಯದು 1,480ರ ಬಿಲ್ಲು. ಸಂಜೆ ಏಳು ಗಂಟೆಯ ನೂಕುನುಗ್ಗಲು. ಅಕ್ಕಿ, ಎಣ್ಣೆ ತೆಗೆದುಕೊಂಡ ಗಿರಾಕಿ ಮೊಬೈಲ್ ತೋರಿಸಿ, “ರೊಕ್ಕ ಕಟ್ ಆಗೇತಿ ನೋಡ್ರಿ” ಎಂದರು. ಸೌಂಡ್‌ಬಾಕ್ಸ್ ಮಾತಾಡಲಿಲ್ಲ. ಪರಿಚಯದ ಮುಖವೆಂದು ಹುಡುಗ ಸಾಮಾನು ಕೊಟ್ಟು ಕಳಿಸಿದ. ಗಿರಾಕಿ ಸುಳ್ಳು ಹೇಳಿರಲಿಲ್ಲ. ಯುಪಿಐ ಪಾವತಿಯಲ್ಲಿ ಮೊದಲು ಕೊಡುವವರ ಬ್ಯಾಂಕು ಹಣ ಕಡಿತ ಮಾಡುತ್ತದೆ. ಆಮೇಲೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ವ್ಯವಸ್ಥೆಯ ಮೂಲಕ ಪಡೆಯುವವರ ಬ್ಯಾಂಕಿಗೆ ಸೂಚನೆ ಹೋಗಿ ಅಲ್ಲಿ ಜಮೆಯಾಗುತ್ತದೆ. ಈ ಎರಡು ಹೆಜ್ಜೆಗಳ ನಡುವೆ ಉತ್ತರ ತಡವಾದರೆ ಗಿರಾಕಿಯ ಖಾತೆಯಲ್ಲಿ ಹಣ ಕಡಿತವಾಗಿರುತ್ತದೆ, ಅಂಗಡಿಗೆ ಬಂದಿರುವುದಿಲ್ಲ. ಅವರ ಪರದೆಯಲ್ಲಿ ಇದ್ದದ್ದು ‘ಪೆಂಡಿಂಗ್’ ಎಂಬ ಪದ. ಗದ್ದಲದಲ್ಲಿ ಅದನ್ನು ಯಾರೂ ಓದಲಿಲ್ಲ.

ಇಂಥ ಹಣಕ್ಕೆ ಎರಡೇ ದಾರಿ. ಒಂದೋ ತಡವಾಗಿ ಅಂಗಡಿಗೆ ಜಮೆಯಾಗುತ್ತದೆ, ಇಲ್ಲವೇ ಗಿರಾಕಿಗೆ ಮರಳುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಇದಕ್ಕೆ ಗಡುವು ಹಾಕಿದೆ. ಖಾತೆಯಿಂದ ಹಣ ಹೋಗಿಯೂ ವ್ಯಾಪಾರಿಗೆ ಖಚಿತತೆ ಬರದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿ ಗಿರಾಕಿಗೆ ವಾಪಸ್ಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಗಿರಾಕಿಗೆ ಸಲ್ಲಬೇಕು. ಸ್ವೈಪ್ ಮಷಿನ್ನಿನಲ್ಲಿ ಚೀಟಿ ಬಾರದೆ ಹಣ ಕಡಿತವಾದರೂ ಇದೇ ನಿಯಮ. ಹಾಗೆ ಹಣ ಮರಳಿತೆಂದರೆ ಅಂಗಡಿಯ ಸಾಮಾನಿಗೆ ದುಡ್ಡು ಬಂದಿಲ್ಲ ಎಂದೇ ಅರ್ಥ. ಆದ್ದರಿಂದ ಆ 1,480ನ್ನು ಮಾರಾಟದಿಂದ ತೆಗೆಯಬಾರದು, ಯುಪಿಐ ಜಮೆ ಎಂದೂ ಬಿಡಬಾರದು. ಬೇರೆ ಪುಟದಲ್ಲಿ ಗಿರಾಕಿಯ ಹೆಸರು, ಸಮಯ, 12 ಅಂಕಿಯ ಸಂಖ್ಯೆ ಬರೆದು ‘ಬರಬೇಕಾದ ಬಾಕಿ’ ಎಂದು ಇಡಬೇಕು.

ಎಲ್ಲ ಸ್ಕ್ರೀನ್‌ಶಾಟೂ ಇಷ್ಟು ಪ್ರಾಮಾಣಿಕವಲ್ಲ. ಹಳೆಯ ಚಿತ್ರ ತೋರಿಸುವವರಿದ್ದಾರೆ, ಪಾವತಿಯಾದಂತೆ ನಟಿಸುವ ನಕಲಿ ಆ್ಯಪುಗಳೂ ಇವೆ. ಆ 12 ಅಂಕಿಗಳೇ ಇಲ್ಲಿ ಒಂದು ಸುಳಿವು ಕೊಡುತ್ತವೆ. ಸಾಮಾನ್ಯವಾಗಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿಯಾಗಿರುತ್ತದೆ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಎಂಬುದು. ಅಕ್ಟೋಬರ್ 14 ಆ ವರ್ಷದ 287ನೇ ದಿನ, ಹಾಗಾಗಿ ಅಂದಿನ ಸಂಖ್ಯೆಗಳು 5287 ಎಂದು ಶುರುವಾಗುತ್ತವೆ. 5260 ಎಂದಿದ್ದರೆ ಅನುಮಾನಿಸಬೇಕು. ಆದರೆ ಅಂಕಿ ಸರಿಯಿದ್ದ ಮಾತ್ರಕ್ಕೆ ಹಣ ಬಂತೆಂದಲ್ಲ. ಬಂದಿದೆಯೋ ಇಲ್ಲವೋ ಎಂಬುದನ್ನು ಅಂಗಡಿಯ ಸ್ವಂತ ಆ್ಯಪು ಅಥವಾ ಬ್ಯಾಂಕ್ ಖಾತೆಯೇ ಹೇಳಬೇಕು.

ಎರಡನೆಯದು 620 ರೂಪಾಯಿ. ಇದಕ್ಕೆ ಉತ್ತರ ಗಲ್ಲಾಪೆಟ್ಟಿಗೆಯಲ್ಲಿತ್ತು. ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟಿದ್ದು 2,000. ನಗದು ಮಾರಾಟ 21,390 ಸೇರಿ 23,390 ಇರಬೇಕಿತ್ತು, ಎಣಿಸಿದರೆ 24,010. ಸರಿಯಾಗಿ 620 ಹೆಚ್ಚು. ಗಿರಾಕಿ ಯುಪಿಐ ಎಂದು ಹೇಳಿ ಬಿಲ್ಲು ಮಾಡಿಸಿ, ನೆಟ್‌ವರ್ಕ್ ಸಿಗದೆ ನೋಟು ಕೊಟ್ಟಿದ್ದರು. ಬಿಲ್ಲಿನಲ್ಲಿ ಪಾವತಿಯ ಬಗೆಯನ್ನು ಬದಲಿಸುವುದು ಮರೆತುಹೋಗಿತ್ತು. ಹೀಗಾಗಿ ಯುಪಿಐ ತಾಳೆಯನ್ನು ನಗದು ಎಣಿಕೆಯ ಜೊತೆಗೇ ಮಾಡಬೇಕು.

ಮೂರನೆಯದು 1,200. ಉದ್ರಿ ಗಿರಾಕಿಯೊಬ್ಬರು ಹೋದ ತಿಂಗಳ ಬಾಕಿಯನ್ನು ಮನೆಯಿಂದಲೇ ಕ್ಯೂಆರ್‌ಗೆ ಹಾಕಿದ್ದರು. ಹಣ ಬಂದದ್ದು ನಿಜ, ಆದರೆ ಅದು ಇಂದಿನ ಮಾರಾಟವಲ್ಲ. ಆ ಬಿಲ್ಲು ಹೋದ ತಿಂಗಳೇ ಮಾರಾಟದಲ್ಲಿ ಸೇರಿದೆ. ಇದನ್ನು ಉದ್ರಿ ಖಾತೆಗೆ ಜಮೆ ಮಾಡದಿದ್ದರೆ ಆ ಗಿರಾಕಿಯನ್ನು ಮತ್ತೊಮ್ಮೆ ಬಾಕಿ ಕೇಳುವ ಮುಜುಗರ ತಪ್ಪಿದ್ದಲ್ಲ.

ಈ ಬಗೆಯ ಜಮೆಗಳನ್ನು ಬೇರೆ ಬರೆದಿಡುವುದು ಎಷ್ಟು ಅಗತ್ಯ ಎಂಬುದು 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಗೊತ್ತಾಯಿತು. ಯುಪಿಐ ಜಮೆಯ ಮಾಹಿತಿ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ತೆಗೆದು ‘ನಗದು ಮಾತ್ರ’ ಎಂದು ಫಲಕ ಹಾಕಿದವು. ಬಂದದ್ದೆಲ್ಲ ವ್ಯಾಪಾರದ ಹಣವಲ್ಲ, ಕೈಸಾಲವೂ ಮನೆಯವರು ಕಳಿಸಿದ ದುಡ್ಡೂ ಅದರಲ್ಲಿದೆ ಎಂದು ವ್ಯಾಪಾರಿಗಳು ವಾದಿಸಿದರು. ಯಾವ ಜಮೆ ಯಾವುದಕ್ಕೆ ಎಂದು ಆಯಾ ದಿನವೇ ಗುರುತು ಹಾಕಿದ ಪುಸ್ತಕವಿದ್ದರೆ ಆ ವಾದಕ್ಕೆ ಆಧಾರ ಸಿಗುತ್ತದೆ. ಮೂರು ವರ್ಷ ಕಳೆದ ಮೇಲೆ ನೆನಪಿನಿಂದ ಬರೆದದ್ದಕ್ಕೆ ಆ ಬಲವಿಲ್ಲ.

ನಾಲ್ಕನೆಯದು 840. ಒಂದೇ ಯುಪಿಐ ವಿಳಾಸದಿಂದ, ಎರಡು ನಿಮಿಷಗಳ ಅಂತರದಲ್ಲಿ ಎರಡು ಬಾರಿ 840 ಬಂದಿತ್ತು, 12 ಅಂಕಿಯ ಸಂಖ್ಯೆಗಳು ಬೇರೆ ಬೇರೆ. ಮೊದಲ ಸಲ ಸೌಂಡ್‌ಬಾಕ್ಸ್ ಸುಮ್ಮನಿತ್ತು. ಹೋಗಿಲ್ಲವೆಂದು ತಿಳಿದು ಗಿರಾಕಿ ಮತ್ತೆ ಹಾಕಿದರು. ಸೌಂಡ್‌ಬಾಕ್ಸ್ ತನ್ನದೇ ಸಿಮ್ ಅಥವಾ ವೈಫೈ ನಂಬಿ ನಡೆಯುವ ಪೆಟ್ಟಿಗೆ. ಅದಕ್ಕೆ ಸಿಗ್ನಲ್ ಸಿಗದ ಹೊತ್ತಿನಲ್ಲೂ ಖಾತೆಗೆ ಹಣ ಬರುತ್ತಲೇ ಇರುತ್ತದೆ. ಅದು ಸುಮ್ಮನಿದ್ದಾಗ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವ ಮುಂಚೆ ಆ್ಯಪ್ ನೋಡಬೇಕು.

ಹೆಚ್ಚು ಬಂದದ್ದನ್ನು ಹಿಂತಿರುಗಿಸುವಲ್ಲೂ ಒಂದು ಅಪಾಯವಿದೆ. ಎರಡರಲ್ಲಿ ಒಂದು ಇನ್ನೂ ಪೆಂಡಿಂಗ್ ಇದ್ದರೆ ಬ್ಯಾಂಕೇ ಅದನ್ನು ಮರಳಿಸಬಹುದು. ಅಷ್ಟರಲ್ಲಿ ಅಂಗಡಿಯವರೂ ಕೊಟ್ಟುಬಿಟ್ಟರೆ ನಷ್ಟ ಅಂಗಡಿಗೆ. ಎರಡೂ ‘ಸಕ್ಸಸ್’ ಆಗಿ ಖಾತೆಗೆ ಬಂದಿವೆ ಎಂದು ನೋಡಿಕೊಂಡ ಮೇಲೆ, ವ್ಯಾಪಾರಿ ಆ್ಯಪಿನ ರೀಫಂಡ್ ಸೌಲಭ್ಯದಿಂದಲೇ ಕಳಿಸುವುದು ಒಳ್ಳೆಯದು. ಆಗ ಮೂಲ ಪಾವತಿಗೂ ರೀಫಂಡಿಗೂ ಕೊಂಡಿ ಉಳಿಯುತ್ತದೆ.

ಕಾರ್ಡಿನ ಲೆಕ್ಕ ಮರುದಿನಕ್ಕೆ ಸೇರಿದ್ದು. ಸ್ವೈಪ್ ಮಷಿನ್ನಿನ ಚೀಟಿಗಳು 9,200 ಎಂದವು, ಬುಧವಾರ ಬ್ಯಾಂಕಿಗೆ ಬಂದದ್ದು 9,082 ರೂಪಾಯಿ 24 ಪೈಸೆ. ಇಲ್ಲಿ ಹಣ ತಪ್ಪಿಲ್ಲ, 117 ರೂಪಾಯಿ 76 ಪೈಸೆ ಕಮಿಷನ್ನಿಗೆ ಹೋಗಿದೆ. ಮೂರು ಚೀಟಿಗಳಲ್ಲಿ 3,000ದ್ದು ರುಪೇ ಡೆಬಿಟ್ ಕಾರ್ಡ್. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ಟಿಗೂ ವ್ಯಾಪಾರಿಯಿಂದ ಕಮಿಷನ್ ಇಲ್ಲ. 2,200 ಬೇರೆ ಡೆಬಿಟ್ ಕಾರ್ಡಿನದು. ಇಂಥ ಅಂಗಡಿಗೆ ಗರಿಷ್ಠ ದರವಾದ ಶೇ 0.90ರಂತೆ 19.80, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 23.36. ಉಳಿದ 4,000 ಕ್ರೆಡಿಟ್ ಕಾರ್ಡಿನದು. ಈ ಅಂಗಡಿಯ ಒಪ್ಪಂದದ ಶೇ 2ರಂತೆ 80, ಜಿಎಸ್‌ಟಿ ಸೇರಿ 94.40. ಪುಸ್ತಕದಲ್ಲಿ ಮಾರಾಟ 9,200 ಎಂದೇ ಉಳಿಯಬೇಕು, 117.76 ಬ್ಯಾಂಕ್ ಖರ್ಚಿಗೆ ಹೋಗಬೇಕು.

ಬಂದ ಮೊತ್ತ ಕಮಿಷನ್ ಕಳೆದು ಬರಬೇಕಾದ್ದಕ್ಕಿಂತ ಬಹಳ ಕಡಿಮೆಯಿದ್ದರೆ, ಅಥವಾ ಏನೂ ಬಾರದಿದ್ದರೆ, ಮೊದಲು ನೋಡಬೇಕಾದದ್ದು ರಾತ್ರಿ ಮಷಿನ್ನಿನಲ್ಲಿ ಬ್ಯಾಚ್ ಸೆಟ್ಲ್‌ಮೆಂಟ್ ಆಯಿತೇ ಎಂಬುದನ್ನು. ಕೆಲವು ಮಷಿನ್ನುಗಳು ತಾವಾಗಿ ಮಾಡುತ್ತವೆ, ಕೆಲವಕ್ಕೆ ಗುಂಡಿ ಒತ್ತಬೇಕು. ಆಗದಿದ್ದರೆ ಚೀಟಿ ಕೈಯಲ್ಲಿದ್ದರೂ ಹಣ ಹೊರಡುವುದಿಲ್ಲ.

ಇನ್ನು ಉಳಿದದ್ದು ಆ 1,480. ಬಾಕಿ ಪುಟವನ್ನು ಮಾಲೀಕರು ದಿನಾ ಬೆಳಿಗ್ಗೆ ತೆರೆದು ನೋಡಿದರು. ಶುಕ್ರವಾರ ಗಿರಾಕಿಗೆ ಫೋನ್ ಮಾಡಿದಾಗ ಹಣ ಅವರ ಖಾತೆಗೆ ಮರಳಿತ್ತು. ಐದು ದಿನ ದಾಟಿಯೂ ಮರಳದಿದ್ದರೆ ಗಿರಾಕಿ ತಮ್ಮ ಬ್ಯಾಂಕಿಗೆ ಆ 12 ಅಂಕಿ ಕೊಟ್ಟು ದೂರು ಬರೆಯಬೇಕಿತ್ತು. ಬ್ಯಾಂಕು 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಅದ್ಯಾವುದೂ ಬೇಕಾಗಲಿಲ್ಲ. ಸಂಜೆ ಅವರೇ ಅಂಗಡಿಗೆ ಬಂದು ಮತ್ತೆ ಸ್ಕ್ಯಾನ್ ಮಾಡಿದರು. ಮಾಲೀಕರು ಹೊಸ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನು ಮಂಗಳವಾರದ ಬಿಲ್ಲಿನ ಪಕ್ಕ ಬರೆದು, ಬಾಕಿ ಪುಟದ ಸಾಲಿಗೆ ಅಡ್ಡಗೆರೆ ಎಳೆದರು. ಶುಕ್ರವಾರದ ಮಾರಾಟಕ್ಕೆ ಮಾತ್ರ ಆ 1,480ನ್ನು ಸೇರಿಸಲಿಲ್ಲ.